ಮೆರವಣಿಗೆಯ ಹಲಗಿ ಮತ್ತು ಕೂಗಿನ ಸಾಲು

ಮಹಾಲಿಂಗಪುರದ ಓಣಿಗಳಲ್ಲಿ ಹಲಗಿ ಮಜಲು ಹೊರಟಿತೆಂದರೆ ಮನೆಯೊಳಗಿನ ರೇಡಿಯೋ ಯಾರ ಕಿವಿಗೂ ಬೀಳುವದಿಲ್ಲ. ಹಲಗಿಯ ಪೆಟ್ಟು ಕೇಳಿದೊಡನೆ ಜನ ಕಟ್ಟೆಗೆ ಬಂದು ನಿಲ್ಲುವರು. ಆದರೆ ನಿಂತು ನೋಡುವ ಜನ ಬೇರೆ, ಬಾಯಿಗೂಡಿಸಿ ಕೂಗುವ ಜನ ಬೇರೆ. ನೋಡುವವರನ್ನು ಕೂಗುವವರನ್ನಾಗಿ ಮಾಡುವದು ಒಂದು ಸಣ್ಣ ಸಾಲು. ತಂಡದಲ್ಲಿ ಒಬ್ಬನು ಅದನ್ನು ಹೇಳುತ್ತಾನೆ. ಓಣಿಯೆಲ್ಲ ಅದಕ್ಕೆ ಉತ್ತರ ಕೊಡುತ್ತದೆ. ಈ ಸಾಲನ್ನು ಕಟ್ಟುವ ಬಗೆ ಹೇಗೆಂಬುದನ್ನು ಇಲ್ಲಿ ನೋಡೋಣ.

ಇದು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರು ‘ಉಧೋ ಉಧೋ’ ಎಂದು ಕೂಗುವದನ್ನು ಕೇಳಿಯೇ ಇರುವಿರಿ. ಮೈಲಾರಲಿಂಗನ ಭಕ್ತರು ‘ಏಳು ಕೋಟಿ’ ಎನ್ನುವದನ್ನೂ ಬಲ್ಲಿರಿ. ಒಬ್ಬನು ‘ನಮಃ ಪಾರ್ವತೀಪತಯೇ’ ಎಂದರೆ ಉಳಿದವರು ‘ಹರ ಹರ ಮಹಾದೇವ’ ಎನ್ನಬೇಕೆಂದು ನಮಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ; ಕೇಳುತ್ತ ಬಂದಿದ್ದೇವೆ, ಹೇಳುತ್ತ ಬಂದಿದ್ದೇವೆ. ಮದುವೆಯ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಒಡಪಿನಲ್ಲಿ ಹೇಳುವಾಗಲೂ ಇದೇ ಗುಟ್ಟು. ಹೆಸರು ಕೊನೆಗೆ ಬರುವದೆಂದು ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ಎಲ್ಲರ ಕಿವಿ ಕಾಯುತ್ತಿರುವದು. ಆದರೆ ಪುರವಂತರು ಒಡಪು ಹೇಳುವಾಗ ವಾದ್ಯ ನಿಲ್ಲುತ್ತದೆ, ಆದ್ದರಿಂದ ಅವರ ಮಾತು ಎಷ್ಟು ಉದ್ದವಾದರೂ ನಡೆದೀತು. ಹಲಗಿಯ ಸಂಗಡ ನಡೆಯುತ್ತಲೇ ಹೇಳುವ ಸಾಲಿಗೆ ಆ ಸೌಕರ್ಯವಿಲ್ಲ. ಅದು ಪೆಟ್ಟಿನ ಅಳತೆಗೆ ಒಳಗಾಗಿರಲೇಬೇಕು.

ಹೊಸದಾಗಿ ಬರೆಯುವವರು ಮೊದಲು ಬರೆಯುವ ಸಾಲು ಹೆಚ್ಚುಕಡಿಮೆ ಹೀಗಿರುವದು: ‘ಊರ ಹಿರಿಯರ ಆಶೀರ್ವಾದದಿಂದ ಈ ವರುಷವೂ ನಮ್ಮ ತಂಡವು ಉತ್ಸಾಹದಿಂದ ಹೊರಟಿರುವದು!’ ಅರ್ಥದಲ್ಲಿ ತಪ್ಪಿಲ್ಲ, ಆದರೆ ಇದು ಸಭೆಯ ಮಾತು. ಸಾಲು ಎಲ್ಲಿ ಮುಗಿಯುವದೆಂದು ಕೇಳುವವನಿಗೆ ತಿಳಿಯದು. ತಿಳಿಯದಿದ್ದರೆ ಯಾವಾಗ ಬಾಯಿ ತೆರೆಯಬೇಕೆಂಬುದೂ ತಿಳಿಯದು. ನಾಲ್ವರು ಬೇಗ ಕೂಗುವರು, ಹತ್ತು ಜನ ತಡವಾಗಿ ಕೂಗುವರು, ಉಳಿದವರು ನಾಚಿಕೊಂಡು ಸುಮ್ಮನಾಗುವರು.

ಆದ್ದರಿಂದ ಮಾತಿಗಿಂತ ಮೊದಲು ಅಳತೆಯನ್ನು ಗೊತ್ತುಮಾಡಿಕೊಳ್ಳಬೇಕು. ಶಾಲೆಯಲ್ಲಿ ಕಲಿತ ಮಾತ್ರಾಗಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘಾಕ್ಷರ, ಸೊನ್ನೆಯುಳ್ಳ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು. ಮೂರು ಮಾತ್ರೆಗೆ ಒಂದು ಹೆಜ್ಜೆ, ಆ ಹೆಜ್ಜೆಗೆ ಹಲಗಿಯ ಒಂದು ದೊಡ್ಡ ಪೆಟ್ಟು ಎಂದು ಇಟ್ಟುಕೊಳ್ಳೋಣ. ‘ಹಲಗಿ’ ಮೂರು ಮಾತ್ರೆ. ‘ಬಂತೊ’ ಮೂರು. ‘ದಾರಿ’ ಮೂರು, ‘ಬಿಡರಿ’ ಮೂರು. ಈ ನಾಲ್ಕನ್ನು ಕೂಡಿಸಿದರೆ ಒಂದು ಕೂಗು ಸಿದ್ಧವಾಯಿತು:

ಹಲಗಿ ಬಂತೊ, ದಾರಿ ಬಿಡರಿ!

ಇದಕ್ಕೆ ಜನರ ಉತ್ತರ: ‘ಬಿಟ್ಟೆವೋ!’ ಕೂಗಿಗೆ ನಾಲ್ಕು ಹೆಜ್ಜೆ. ಉತ್ತರಕ್ಕೆ ಎರಡು: ‘ಬಿಟ್ಟೆ’ ಎಂಬುದಕ್ಕೆ ಒಂದು, ‘ವೋ’ ಎಂದು ಎಳೆಯುವದಕ್ಕೆ ಇನ್ನೊಂದು. ಆಮೇಲೆ ಎರಡು ಹೆಜ್ಜೆ ಬರಿಯ ಹಲಗಿ. ಹೀಗೆ ಎಂಟು ಹೆಜ್ಜೆಗೆ ಒಂದು ಸುತ್ತು. ನಿಮಿಷಕ್ಕೆ 100 ಹೆಜ್ಜೆಯ ನಡೆ ಇದ್ದರೆ ಒಂದು ಸುತ್ತು ಐದು ಸೆಕೆಂಡಿಗಿಂತ ಸ್ವಲ್ಪ ಕಡಿಮೆ ವೇಳೆಯಲ್ಲಿ ಮುಗಿಯುತ್ತದೆ. ಕೂಗುವವನಿಗೆ ಉಸಿರು ಸಾಕಾಗುತ್ತದೆ. ಜನರಿಗೆ ಮರೆಯಲು ವೇಳೆ ಇರುವದಿಲ್ಲ.

ಉತ್ತರವನ್ನು ಕಟ್ಟುವದು ಕೂಗನ್ನು ಕಟ್ಟುವದಕ್ಕಿಂತ ಸೂಕ್ಷ್ಮ ಕೆಲಸ. ಅದರ ಕೊನೆಯ ಸ್ವರವೇ ಅದರ ಪ್ರಾಣ. ಕನ್ನಡದ ಮಾತು ಬಹುತೇಕ ಸ್ವರದಿಂದಲೇ ಮುಗಿಯುವದು ನಮ್ಮ ಭಾಗ್ಯ. ಎಳೆಯಲು ಯಾವಾಗಲೂ ಏನಾದರೂ ಸಿಗುತ್ತದೆ. ಆದರೆ ಎಲ್ಲ ಸ್ವರಗಳೂ ಸಮವಲ್ಲ. ‘ಆ’, ‘ಓ’ ಎನ್ನುವಾಗ ಬಾಯಿ ತೆರೆದಿರುತ್ತದೆ, ದನಿ ಹೊರಗೆ ಬರುತ್ತದೆ. ‘ಇ’, ‘ಉ’ ಎನ್ನುವಾಗ ಬಾಯಿ ಕಿರಿದಾಗುತ್ತದೆ. ‘ಯಾರ ಹಲಗಿ?’ ಎಂದು ಕೇಳಿ ‘ಊರ ಹಲಗಿ!’ ಎಂದು ಉತ್ತರ ಬರೆದರೆ ಕಾಗದದ ಮೇಲೆ ಪ್ರಾಸ ಚೆನ್ನಾಗಿ ಕಾಣುವದು. ಬೀದಿಯಲ್ಲಿ ‘ಗಿ’ ಎಂಬಲ್ಲಿ ಕೂಗು ಸಪ್ಪಗಾಗುವದು. ಅದನ್ನೇ ಹೀಗೆ ತಿದ್ದಿಕೊಳ್ಳಬಹುದು: ‘ಯಾರ ಹಲಗಿ, ಯಾರ ಊರು?’ ಉತ್ತರ: ‘ನಮ್ಮದೋ!’ ಇದು ‘ಬಿಟ್ಟೆವೋ’ ಎಂಬುದರ ಅಚ್ಚಿನದೇ: ಗುರು, ಲಘು, ಗುರು. ಅಚ್ಚು ಒಂದೇ ಇದ್ದರೆ ಜನರು ಹೊಸ ಮಾತನ್ನು ಕಲಿತರೆ ಸಾಕು, ಹೊಸ ತಾಳವನ್ನು ಕಲಿಯಬೇಕಾಗಿಲ್ಲ.

ಇನ್ನೊಂದು ಉಪಾಯವಿದೆ. ಉತ್ತರವು ಕೂಗಿನ ಕೊನೆಯ ಮಾತಿನಿಂದಲೇ ಹುಟ್ಟಿದರೆ ಹೊಸಬನೂ ಹೇಳಬಲ್ಲ. ಬೆಲ್ಲದ ಪೇಟೆಯೂ ನೇಕಾರಿಕೆಯೂ ಇರುವ ಊರಿಗೆ ಎರಡು ಸಾಲು ನೋಡಿರಿ:

ಗಾಣ ತಿರುಗಿ ಬೆಲ್ಲ ಬಂತೊ!

ಮಗ್ಗ ನಡೆದು ಸೀರಿ ಬಂತೊ!

ಎರಡಕ್ಕೂ ಉತ್ತರ ಒಂದೇ: ‘ಬಂತು ಹೋ!’ ಮೊದಲನೆಯ ಸಲ ತಂಡದವರೇ ಉತ್ತರ ಕೊಟ್ಟು ತೋರಿಸಿದರೆ ಎರಡನೆಯ ಸಲ ಹುಡುಗರು, ಮೂರನೆಯ ಸಲ ಹಿರಿಯರು ಕೂಡಿಕೊಳ್ಳುವರು. ಮೂರನೆಯ ಸಲಕ್ಕೂ ಓಣಿ ಸುಮ್ಮನಿದ್ದರೆ ಆ ಸಾಲನ್ನು ಬಿಟ್ಟುಬಿಡುವದು ಲೇಸು. ದೋಷ ಜನರದಲ್ಲ, ಸಾಲಿನದು.

ಊರ ಹೆಸರನ್ನು ಸಾಲಿನಲ್ಲಿ ಸೇರಿಸಬೇಕೆಂಬ ಆಸೆ ಎಲ್ಲರಿಗೂ ಇರುವದು. ‘ಮಹಾಲಿಂಗಪುರದ ಹಲಗಿ’ ಎಂಬುದನ್ನು ಎಣಿಸಿದರೆ ಸರಿಯಾಗಿ ಹನ್ನೆರಡು ಮಾತ್ರೆ ಆಗುತ್ತದೆ. ಆದರೂ ಹೇಳಿ ನೋಡಿದರೆ ಎಡವುತ್ತದೆ. ಕಾರಣ ಮೊದಲನೆಯ ‘ಮಹಾ’. ಅಲ್ಲಿ ಲಘು ಮೊದಲು, ಗುರು ಆಮೇಲೆ. ಹಲಗಿಯ ದೊಡ್ಡ ಪೆಟ್ಟು ಗಿಡ್ಡ ‘ಮ’ದ ಮೇಲೆ ಬೀಳುತ್ತದೆ, ಭಾರವನ್ನು ಬೇಡುವ ‘ಹಾ’ ಎರಡು ಪೆಟ್ಟುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಎಣಿಕೆ ಸರಿಯಿದ್ದರೂ ನಡೆ ಸರಿಯಿಲ್ಲ ಎಂಬುದಕ್ಕೆ ಇದೇ ಉದಾಹರಣೆ. ಇಂಥ ಹೆಸರನ್ನು ತಂಡವು ನಿಂತು, ಹಲಗಿ ನಿಲ್ಲಿಸಿ, ಜಯಕಾರ ಹಾಕುವಾಗ ಬಳಸಿಕೊಳ್ಳಬೇಕು. ಅಲ್ಲಿ ಅದಕ್ಕೆ ಬೇಕಾದಷ್ಟು ಇಂಬಿದೆ.

ಸಾಲು ಎಷ್ಟೇ ಚೆನ್ನಾಗಿದ್ದರೂ ಹಲಗಿಯವರು ಜಾಗ ಬಿಟ್ಟುಕೊಡದಿದ್ದರೆ ಅದು ಯಾರಿಗೂ ಕೇಳಿಸದು. ಕೂಗಿನ ಮೊದಲ ಮೂರು ಹೆಜ್ಜೆಗೆ ಸಣ್ಣ ಕಡ್ಡಿಯಿಂದ ಅಂಚಿನ ಹತ್ತಿರ ಮೆಲ್ಲಗೆ ಬಾರಿಸುತ್ತಿರಬೇಕು. ನಾಲ್ಕನೆಯ ಹೆಜ್ಜೆಗೆ, ಎಂದರೆ ‘ಬಿಡರಿ’ ಎಂಬಲ್ಲಿ, ಒಬ್ಬನೇ ಮೂರು ಪೆಟ್ಟು ಬಿಗಿಯಾಗಿ ಕೊಡಬೇಕು. ಅದೇ ಜನರಿಗೆ ಸನ್ನೆ. ಉತ್ತರದ ಎರಡು ಹೆಜ್ಜೆ ಹಲಗಿ ಪೂರ್ತಿ ಮೌನ. ಆಮೇಲೆ ಎರಡು ಹೆಜ್ಜೆ ಎಲ್ಲರೂ ಕೈಬಿಟ್ಟು ಬಾರಿಸಬಹುದು. ಆ ಮೌನವೇ ಜನರನ್ನು ಒಳಗೆ ಕರೆಯುವ ಬಾಗಿಲು. ಮಳೆಗಾಲದ ತಂಪಿಗೆ ತೊಗಲು ಸಡಿಲಾದರೆ ಹಲಗಿಯ ದನಿ ಮಂದವಾಗುವದು, ಸನ್ನೆಯ ಪೆಟ್ಟು ಸ್ಪಷ್ಟವಾಗಿ ಕೇಳಿಸದು. ಹೊರಡುವ ಮೊದಲು ಬೆಂಕಿಗೆ ಹಿಡಿದು ಕಾಯಿಸುವದು ಇದಕ್ಕಾಗಿಯೂ ಬೇಕು.

ಇನ್ನು ದೂರದ ಮಾತು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ಹೋಗುತ್ತದೆ. ಕೂಗುವವನಿಂದ 100 ಮೀಟರು ಹಿಂದೆ ಇರುವವರಿಗೆ ಕೂಗು ಅರ್ಧ ಹೆಜ್ಜೆ ತಡವಾಗಿ ಮುಟ್ಟುವದು. ಅವರ ಉತ್ತರ ಮುಂದೆ ಬರಲು ಇನ್ನರ್ಧ ಹೆಜ್ಜೆ. ಎಂದರೆ ಮುಂದಿದ್ದವರಿಗೆ ಹಿಂದಿನವರ ಉತ್ತರ ಒಂದು ಹೆಜ್ಜೆ ತಡವಾಗಿ ಕೇಳುತ್ತದೆ. ಇದು ಯಾರ ಸೋಮಾರಿತನವೂ ಅಲ್ಲ. ಸುತ್ತಿನ ಕೊನೆಗೆ ಎರಡು ಹೆಜ್ಜೆ ಬರಿಯ ಹಲಗಿಗೆ ಬಿಟ್ಟಿರುವದರಿಂದ ಈ ತಡವು ಅದರಲ್ಲಿ ಅಡಗಿಹೋಗುತ್ತದೆ. ಜನಸಂದಣಿ 200 ಮೀಟರಿಗೆ ಮೀರಿ ಚಾಚಿದರೆ ಮಾತ್ರ ಹಿಂದಿನ ಉತ್ತರ ಮುಂದಿನ ಕೂಗಿನ ಮೇಲೆ ಬಂದು ಬೀಳುವದು. ಆಗ ಕೂಗುವವನು ಗಂಟಲು ಹರಿದುಕೊಂಡು ಪ್ರಯೋಜನವಿಲ್ಲ. ಮುಂದಿನ ಗಾಡಿಯ ಮೇಲೆ ಧ್ವನಿವರ್ಧಕ ಇಟ್ಟರೂ ಅದರ ದನಿ ಅದೇ ಗಾಳಿಯಲ್ಲಿ ಅದೇ ವೇಗದಿಂದ ಹೋಗಬೇಕು; ಗಟ್ಟಿಯಾದೀತು, ಬೇಗನೆ ಮುಟ್ಟದು. ಜನರನ್ನು ಹತ್ತಿರ ಕರೆದುಕೊಳ್ಳಬೇಕು, ಇಲ್ಲವೆ ಹಿಂದಿನವರಿಗೆ ಬೇರೆ ಹಲಗಿ, ಬೇರೆ ಕೂಗುವವನನ್ನು ಕೊಟ್ಟು ಎರಡು ಗುಂಪುಗಳ ನಡುವೆ ಸಾಕಷ್ಟು ಅಂತರ ಇಡಬೇಕು.

ಕೂಗಿನ ಸಾಲು ಮೋಜಿಗಷ್ಟೇ ಅಲ್ಲ. ಮಹಾಲಿಂಗೇಶ್ವರನ ಜಾತ್ರೆಯಲ್ಲಿ ತೇರು ಬರುವಾಗ ಮುಂದೆ ಹಲಗಿಯವರಿದ್ದರೆ, ನೂಕುನುಗ್ಗಲಿನಲ್ಲಿ ಒಬ್ಬೊಬ್ಬರಿಗೆ ಹೇಳುತ್ತ ಹೋಗುವದಕ್ಕಿಂತ ಒಂದು ಸಾಲು ಹೆಚ್ಚು ಕೆಲಸ ಮಾಡೀತು: ‘ತೇರು ಬಂತೊ, ಹಿಂದ ಸರಿರಿ!’ ಉತ್ತರ: ‘ಸರಿದೆವೋ!’ ತಾನೇ ಬಾಯಿಂದ ‘ಸರಿದೆವೋ’ ಎಂದವನು ನಿಂತಲ್ಲೇ ನಿಲ್ಲಲು ಸಂಕೋಚಪಡುವನು. ಆದರೆ ಇಲ್ಲಿ ಒಂದು ಸಾಲಿಗೆ ಒಂದೇ ಆಜ್ಞೆ ಇರಬೇಕು. ‘ಹಗ್ಗ ಹಿಡಿರಿ, ಹಿಂದ ಸರಿರಿ’ ಎಂದರೆ ಅರ್ಧ ಜನ ಮುಂದೆ ಬರುವರು, ಅರ್ಧ ಜನ ಹಿಂದೆ ಹೋಗುವರು. ಅಪಾಯವನ್ನು ತಪ್ಪಿಸಹೋಗಿ ಅಪಾಯವನ್ನೇ ತಂದಂತಾಗುವದು.

ಜನರು ಯೋಚಿಸುವ ಮೊದಲೇ ಉತ್ತರ ಕೊಟ್ಟುಬಿಡುವರೆಂಬುದು ಈ ಸಾಲುಗಳ ಬಲ. ಅದೇ ಅವುಗಳ ಅಂಜಿಕೆಯೂ ಹೌದು. ಮಗ್ಗುಲ ಓಣಿಯನ್ನು ಹಂಗಿಸುವ ಸಾಲಿಗೆ ‘ಹೌದೋ’ ಎಂಬ ಉತ್ತರ ಇಟ್ಟರೆ, ಏನೂ ಅರಿಯದ ಹುಡುಗರ ಬಾಯಿಂದಲೂ ಅದು ಹೊರಟುಹೋಗುವದು. ಜಗಳಕ್ಕೆ ಆಮೇಲೆ ಅವರೇ ಹೊಣೆಯಾಗುವರು. ಕೂಗು ಬರೆದವನದು, ಉತ್ತರ ಊರಿನದು. ಆದುದರಿಂದ ಬರೆದ ಸಾಲನ್ನು ಕೊನೆಗೆ ಒಮ್ಮೆ ಹೀಗೆ ಪರೀಕ್ಷಿಸಬೇಕು: ಈ ಉತ್ತರವನ್ನು ಮೆರವಣಿಗೆ ಹಾಯ್ದುಹೋಗುವ ಪ್ರತಿಯೊಂದು ಮನೆಯ ಕಟ್ಟೆಯ ಮೇಲೆ ನಿಂತವರೂ ಮನಸಾರೆ ಹೇಳಬಲ್ಲರೇ? ಹೇಳಬಲ್ಲರಾದರೆ ಅದನ್ನು ಇಟ್ಟುಕೊಳ್ಳಿರಿ. ಅಂಥ ಆರು ಸಾಲುಗಳಿದ್ದರೆ, ಒಂದೊಂದನ್ನು ಎಂಟು ಹತ್ತು ಸಲ ಹೇಳಿ ಬದಲಿಸುತ್ತ, ಒಂದು ಮೆರವಣಿಗೆಯನ್ನು ಊರ ಈ ತುದಿಯಿಂದ ಆ ತುದಿಗೆ ಒಯ್ಯಬಹುದು.