ದಿನಾಂಕ ಮುಂದೆ, ನಂಬರ್ ಹಿಂದೆ

ಒಬ್ಬನೇ ವ್ಯಾಪಾರಿ ಕೊಟ್ಟ ಬಿಲ್ಲುಗಳ ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಜಿಎಸ್‌ಟಿ ನಂಬರ್ ಇದೆ, ಮೊತ್ತ ಕೂಡುತ್ತದೆ, ಸೀಲು, ಸಹಿ ಇವೆ. ಏನಾದರೂ ಎಡವಟ್ಟಿದ್ದರೆ ಅದು ಕಣ್ಣಿಗೆ ಬೀಳುವುದು ಎಲ್ಲವನ್ನೂ ದಿನಾಂಕದ ಪ್ರಕಾರ ಸಾಲಾಗಿ ಇಟ್ಟು ಬಿಲ್ ನಂಬರುಗಳನ್ನು ಮಾತ್ರ ಓದಿದಾಗ.

ಕೇಂದ್ರ ಜಿಎಸ್‌ಟಿ ನಿಯಮಗಳ 46ನೇ ನಿಯಮದ ಪ್ರಕಾರ ಇನ್‌ವಾಯ್ಸಿನ ಕ್ರಮಸಂಖ್ಯೆ ಒಂದರ ನಂತರ ಒಂದರಂತೆ ಸಾಗಬೇಕು, 16 ಅಕ್ಷರಗಳನ್ನು ಮೀರಬಾರದು, ಒಂದು ಆರ್ಥಿಕ ವರ್ಷದಲ್ಲಿ ಅದೇ ಸಂಖ್ಯೆ ಮತ್ತೊಮ್ಮೆ ಬರಬಾರದು. ಒಂದಕ್ಕಿಂತ ಹೆಚ್ಚು ಸರಣಿ ಇಟ್ಟುಕೊಳ್ಳಲು ಅವಕಾಶವಿದೆ. ಆದ್ದರಿಂದ ಮೊದಲು ಮಾಡಬೇಕಾದ್ದು ಸರಣಿಗಳನ್ನು ಬೇರೆ ಮಾಡುವುದು. A/24-25/0041 ಮತ್ತು B/24-25/0041 ಬೇರೆ ಬೇರೆ ಸಾಲಿನವು. ಏಪ್ರಿಲ್‌ನಲ್ಲಿ ಎಣಿಕೆ ಮತ್ತೆ 1ರಿಂದ ಶುರುವಾದರೆ ಅದೂ ತಪ್ಪಲ್ಲ.

ನಡುವೆ ನಂಬರುಗಳು ಇಲ್ಲವೆಂದ ಕೂಡಲೇ ಗಾಬರಿಯಾಗಬೇಕಿಲ್ಲ. ವ್ಯಾಪಾರಿಗೆ ಬೇರೆ ಗಿರಾಕಿಗಳೂ ಇದ್ದಾರೆ, ಆ ನಂಬರುಗಳು ಅವರ ಪಾಲಿಗೆ ಹೋಗಿರುತ್ತವೆ. ನಿಜ ಹೇಳಬೇಕೆಂದರೆ, ಅಂತರವೇ ಇಲ್ಲದ ಸಾಲು ಹೆಚ್ಚು ಅನುಮಾನಕ್ಕೆ ಎಡೆಮಾಡುತ್ತದೆ. ತಿಂಗಳಿಗೊಂದರಂತೆ ಬಂದ ಬಿಲ್ಲುಗಳು 11, 12, 13, 14 ಎಂದಿದ್ದರೆ, ಆ ಇಡೀ ಅವಧಿಯಲ್ಲಿ ನಿಮ್ಮನ್ನು ಬಿಟ್ಟು ಅವರು ಆ ಸರಣಿಯಲ್ಲಿ ಯಾರಿಗೂ ಬಿಲ್ ಮಾಡಿಲ್ಲ ಎಂದಾಯಿತು. ನಿಮಗಾಗಿಯೇ ಬೇರೆ ಸರಣಿ ಇಟ್ಟಿದ್ದರೆ ಸರಿ. ಇಲ್ಲವಾದರೆ ಅಂಥದ್ದೊಂದು ಅಂಗಡಿ ನಿಜಕ್ಕೂ ಇದೆಯೇ ಎಂದು ಹೋಗಿ ನೋಡಿ ಬರುವುದು ಒಳ್ಳೆಯದು.

ಇನ್ನೊಂದು ಬಗೆಯ ಎಡವಟ್ಟಿಗೆ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಒಂದು ಸಣ್ಣ ಕಾರ್ಖಾನೆಗೆ ರಟ್ಟಿನ ಪೆಟ್ಟಿಗೆ ಪೂರೈಸುವವರ ಬಿಲ್ಲುಗಳು ಹೀಗಿವೆ: ಏಪ್ರಿಲ್ 9ಕ್ಕೆ 41, ಮೇ 14ಕ್ಕೆ 118, ಜೂನ್ 11ಕ್ಕೆ 187, ಜುಲೈ 16ಕ್ಕೆ 266, ಆಗಸ್ಟ್ 13ಕ್ಕೆ 203, ಸೆಪ್ಟೆಂಬರ್ 10ಕ್ಕೆ 389. ಶೀಟಿನ B ಕಾಲಮ್ಮಿನಲ್ಲಿ ದಿನಾಂಕ, C ಕಾಲಮ್ಮಿನಲ್ಲಿ ನಂಬರ್ ಹಾಕಿ, ದಿನಾಂಕದ ಪ್ರಕಾರ ಜೋಡಿಸಿ, ಮೂರನೇ ಸಾಲಿನಿಂದ ಈ ಸೂತ್ರ ಎಳೆಯಿರಿ:

```
=(C3-C2)/(B3-B2)
```

ಇದು ದಿನಕ್ಕೆ ಎಷ್ಟು ಬಿಲ್ ಹರಿದಿದ್ದಾರೆ ಎಂಬುದರ ಲೆಕ್ಕ. ಮೊದಲ ಮೂರು ಅಂತರಗಳಲ್ಲಿ ಉತ್ತರ ಎರಡೂಕಾಲರ ಆಸುಪಾಸಿನಲ್ಲೇ ಬರುತ್ತದೆ. ಆಗಸ್ಟ್‌ನಲ್ಲಿ ಅದು ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದೇ ವೇಗದಲ್ಲಿ ಸಾಗಿದ್ದರೆ ಆಗಸ್ಟ್ 13ಕ್ಕೆ 330ರ ಹತ್ತಿರದ ನಂಬರ್ ಇರಬೇಕಿತ್ತು. 203 ಎಂಬುದು ಜೂನ್ 18ರ ಸುಮಾರಿಗೆ ಹರಿದಿರಬೇಕಾದ ಬಿಲ್.

ಇಷ್ಟಕ್ಕೇ ಮೋಸ ಎಂದು ತೀರ್ಮಾನಿಸಬಾರದು. ಮೊದಲು ಫೋಟೋವನ್ನು ದೊಡ್ಡದು ಮಾಡಿ ನೋಡಬೇಕು. ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್ 3 ಮತ್ತು 8ನ್ನು, 1 ಮತ್ತು 7ನ್ನು ಸುಲಭವಾಗಿ ಅದಲುಬದಲು ಮಾಡುತ್ತದೆ. ಕೈಬರಹದ ಬಿಲ್ಲಿನಲ್ಲಿ ಇದು ಇನ್ನೂ ಹೆಚ್ಚು. ದಿನಾಂಕದಲ್ಲಿ 6 ಎಂಬುದನ್ನು 8 ಎಂದು ಓದಿದ್ದರೆ ಜೂನ್ ತಿಂಗಳ ಬಿಲ್ ಆಗಸ್ಟ್‌ಗೆ ಹೋಗಿ ಕೂತಿರುತ್ತದೆ, ನಮ್ಮ ಉದಾಹರಣೆಯಲ್ಲಿ ಮೊದಲು ನೋಡಬೇಕಾದ್ದೂ ಅದನ್ನೇ. ನಂಬರುಗಳನ್ನು ಶೀಟು ಅಕ್ಷರಗಳೆಂದು ತಿಳಿದಿದ್ದರೆ ನಂಬರಿನ ಪ್ರಕಾರ ಜೋಡಿಸುವಾಗ 100 ಎಂಬುದು 99ಕ್ಕಿಂತ ಮುಂದೆ ಬರುತ್ತದೆ. ಒಂದೇ ಬಿಲ್ಲನ್ನು ಎರಡು ಸಲ ಫೋಟೋ ತೆಗೆದಿದ್ದರೆ ಅಂತರ ಸೊನ್ನೆಯಾಗುತ್ತದೆ. ಆಗ ದಿನಾಂಕವೂ ಒಂದೇ ಇರುವುದರಿಂದ ಈ ಸೂತ್ರ ದೋಷ ತೋರಿಸುತ್ತದೆ.

ಕಾಗದದ ಮೇಲೆಯೇ 203 ಮತ್ತು ಆಗಸ್ಟ್ 13 ಎಂದಿದ್ದರೆ ಕಾರಣಗಳು ಎರಡು ಮೂರು ಇರಬಹುದು. ಅಂಗಡಿಯಲ್ಲಿ ಎರಡು ಬಿಲ್ ಬುಕ್ ಒಟ್ಟೊಟ್ಟಿಗೆ ನಡೆಯುತ್ತಿರಬಹುದು. ಹಾಗಿದ್ದರೆ ಇನ್ನಷ್ಟು ಬಿಲ್ಲುಗಳೂ ಹೀಗೇ ಹಿಂದೆ ಮುಂದೆ ಆಗಿರಬೇಕು. ಒಂದೇ ಒಂದು ಮಾತ್ರ ಸಾಲು ತಪ್ಪಿದ್ದರೆ ಈ ವಿವರಣೆ ನಿಲ್ಲುವುದಿಲ್ಲ. ಖಾಲಿ ಹಾಳೆಯನ್ನು ಎತ್ತಿಟ್ಟು ಆಮೇಲೆ ತುಂಬಿರಬಹುದು. ಜೂನ್‌ನಲ್ಲಿ ಕೊಟ್ಟ ಮಾಲಿಗೇ ಮತ್ತೊಮ್ಮೆ ದುಡ್ಡು ಕೇಳುತ್ತಿರಬಹುದು, ಆ ತಿಂಗಳ ಮಾಲು ಬಂದ ರಿಜಿಸ್ಟರ್ ಅದನ್ನು ಹೇಳುತ್ತದೆ.

ಕಾರ್ಖಾನೆಗೆ ಜಿಎಸ್‌ಟಿ ನೋಂದಣಿ ಇದ್ದರೆ ಜಿಎಸ್‌ಟಿಆರ್-2ಬಿ ಪಟ್ಟಿ ತೆರೆಯಿರಿ. ಮಾರಿದವರು ಇಲಾಖೆಗೆ ತಿಳಿಸಿದ ಬಿಲ್ ನಂಬರ್, ದಿನಾಂಕ, ಮೊತ್ತ ಅದರಲ್ಲಿ ಇರುತ್ತವೆ. ಅಲ್ಲಿ 203ರ ಎದುರು ಜೂನ್ ತಿಂಗಳ ದಿನಾಂಕ ಇದ್ದರೆ ಕಾಗದಕ್ಕೂ ರಿಟರ್ನ್‌ಗೂ ತಾಳೆಯಿಲ್ಲ. ಬಿಲ್ ಅಲ್ಲಿ ಇಲ್ಲವೇ ಇಲ್ಲದಿದ್ದರೆ ಅದರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ನಿಮಗೆ ಸಿಗುವುದಿಲ್ಲ. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಬಿಲ್ ಕೊಟ್ಟಿದ್ದಾರೆ, ಎಷ್ಟು ರದ್ದು ಮಾಡಿದ್ದಾರೆ ಎಂಬ ಲೆಕ್ಕ ಮಾರಿದವರ ಜಿಎಸ್‌ಟಿಆರ್-1ರ 13ನೇ ಕೋಷ್ಟಕದಲ್ಲಿರುತ್ತದೆ. ಅದು ತೆರಿಗೆ ಅಧಿಕಾರಿಗೆ ಕಾಣುತ್ತದೆ, ಕೊಂಡವರಿಗೆ ಕಾಣುವುದಿಲ್ಲ.

ಹಾಗಾಗಿ ನೀವು ನೇರವಾಗಿ ಮಾರಿದವರನ್ನೇ ಕೇಳಬೇಕು. ಬೇರೆ ಗಿರಾಕಿಗಳ ಹೆಸರು, ಮೊತ್ತ ಮುಚ್ಚಿ 202 ಮತ್ತು 204ನೇ ಬಿಲ್ಲುಗಳ ದಿನಾಂಕ ತೋರಿಸಿ ಎಂದು ಬರವಣಿಗೆಯಲ್ಲಿ ಕೇಳಿ. ಅವೆರಡೂ ಜೂನ್ ತಿಂಗಳವಾಗಿದ್ದರೆ 203 ಆಗಸ್ಟ್‌ಗೆ ಹೇಗೆ ಬಂತು ಎಂದು ಅವರೇ ಹೇಳಬೇಕಾಗುತ್ತದೆ. ಉತ್ತರ ಬರುವವರೆಗೆ ಆ ಒಂದು ಬಿಲ್ಲಿನ ಹಣ ತಡೆಹಿಡಿಯಿರಿ, ಉಳಿದವನ್ನು ಎಂದಿನಂತೆ ಪಾವತಿಸಿ.