ಕಾರ್ಡ್ ಯಂತ್ರದಲ್ಲಿ ಇಮ್ಮಡಿ ಕಡಿತ

ಅಂಗಡಿಯ ಕಾರ್ಡ್ ಯಂತ್ರದಲ್ಲಿ ಒಂದೇ ಖರೀದಿಗೆ ಕಾರ್ಡನ್ನು ಎರಡು ಬಾರಿ ಉಜ್ಜಿದಾಗ, ಚೀಟಿ ಒಂದೇ ಬಂದರೂ ಗ್ರಾಹಕರ ಖಾತೆಯಿಂದ ಹಣ ಎರಡು ಸಲ ಹೋಗುವುದನ್ನು ಇಮ್ಮಡಿ ಕಡಿತ ಎನ್ನಲಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಸಂಪರ್ಕದ ದೋಷವೇ ಕಾರಣ. ಮೊದಲ ಬಾರಿ ಬ್ಯಾಂಕು ಹಣ ಕಡಿತಗೊಳಿಸಿದರೂ ಅದರ ಒಪ್ಪಿಗೆಯ ಸಂದೇಶ ಯಂತ್ರವನ್ನು ತಲುಪುವುದಿಲ್ಲ. ಚೀಟಿ ಬಾರದ್ದರಿಂದ ವರ್ತಕರು ಮತ್ತೆ ಉಜ್ಜುತ್ತಾರೆ.

ಉದಾಹರಣೆಗೆ, 1,850 ರೂಪಾಯಿಯ ಸೀರೆಗೆ ಗ್ರಾಹಕರ ಮೊಬೈಲಿಗೆ ಎರಡು ಕಡಿತದ ಸಂದೇಶಗಳು ಬಂದಿವೆ ಎನ್ನೋಣ. ವರ್ತಕರು ಮೊದಲು ಯಂತ್ರದಿಂದ ಆ ದಿನದ ವಹಿವಾಟಿನ ಪಟ್ಟಿಯನ್ನು ಮುದ್ರಿಸಿ ನೋಡಬೇಕು. ಅದರಲ್ಲಿ ಈ ಮೊತ್ತ ಎರಡು ಬಾರಿ ಇದ್ದರೆ, ತಪ್ಪಿಹೋದದ್ದು ಚೀಟಿಯ ಮುದ್ರಣ ಮಾತ್ರ. ಆಗ ದಿನದ ಲೆಕ್ಕವನ್ನು ಬ್ಯಾಂಕಿಗೆ ಒಪ್ಪಿಸುವ ‘ಸೆಟಲ್‌ಮೆಂಟ್’ಗೆ ಮುನ್ನವೇ ‘ವಾಯ್ಡ್’ ಆಯ್ಕೆಯಲ್ಲಿ ಹೆಚ್ಚುವರಿ ವಹಿವಾಟಿನ ಇನ್‌ವಾಯ್ಸ್ ಸಂಖ್ಯೆಯನ್ನು ಕೊಟ್ಟು ರದ್ದುಪಡಿಸಿ, ರದ್ದತಿಯ ಚೀಟಿಯನ್ನು ಗ್ರಾಹಕರಿಗೆ ನೀಡಬಹುದು. ಸೆಟಲ್‌ಮೆಂಟ್ ಮುಗಿದಿದ್ದರೆ ಯಂತ್ರ ಒದಗಿಸಿದ ಬ್ಯಾಂಕಿನ ಮೂಲಕ ರೀಫಂಡ್ ಮಾಡಿಸಬೇಕಾಗುತ್ತದೆ. ಇದಕ್ಕೆ ಕೆಲವು ದಿನಗಳು ಹಿಡಿಯುತ್ತವೆ.

ಪಟ್ಟಿಯಲ್ಲಿ ಮೊತ್ತ ಒಮ್ಮೆ ಮಾತ್ರ ಇದ್ದರೆ ರದ್ದುಪಡಿಸಲು ಅಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಮೊದಲ ಕಡಿತ ವರ್ತಕರ ಲೆಕ್ಕಕ್ಕೆ ಸೇರಿಯೇ ಇಲ್ಲ. ಈ ಸಂದರ್ಭದಲ್ಲಿ ನಗದು ಮರಳಿಸುವುದು ಅಪಾಯಕರ: ಬ್ಯಾಂಕು ತಾನಾಗಿ ಹಣ ಹಿಂದಿರುಗಿಸಿದಾಗ ಆ ನಷ್ಟ ವರ್ತಕರ ಪಾಲಿಗೆ ಉಳಿಯುತ್ತದೆ. ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯಂತೆ, ಚೀಟಿ ಬಾರದೆ ಕಡಿತವಾದ ಹಣ ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಖಾತೆಗೆ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲುತ್ತದೆ. ಅಲ್ಲಿಯವರೆಗೆ ಗ್ರಾಹಕರು ಎರಡೂ ಸಂದೇಶಗಳನ್ನು ಮತ್ತು ಸಿಕ್ಕ ಚೀಟಿಯನ್ನು ಉಳಿಸಿಕೊಳ್ಳಬೇಕು.