ಸಿಸಿಎನ್‌ಎ ಓದಲೇ, ನೆಟ್‌ವರ್ಕ್ ಪ್ಲಸ್ ಓದಲೇ?

ನೆಟ್‌ವರ್ಕ್ ಕೆಲಸಕ್ಕೆ ಸೇರಬೇಕೆನ್ನುವವರ ಕಣ್ಣಿಗೆ ಮೊದಲು ಬೀಳುವುದು ಎರಡು ಪರೀಕ್ಷೆಗಳು. ಸಿಸಿಎನ್‌ಎ ನಡೆಸುವ ಸಿಸ್ಕೊ, ಸ್ವಿಚ್ ಮತ್ತು ರೌಟರ್‌ಗಳನ್ನು ತಾನೇ ತಯಾರಿಸಿ ಮಾರುವ ಕಂಪನಿ. ನೆಟ್‌ವರ್ಕ್ ಪ್ಲಸ್ ನಡೆಸುವ ಕಾಂಪ್‌ಟಿಯಾ ಅಂಥ ಯಾವ ಉಪಕರಣವನ್ನೂ ಮಾರುವುದಿಲ್ಲ. ಇದರಿಂದ ಕಲಿಕೆಯಲ್ಲಿ ಏನು ವ್ಯತ್ಯಾಸವಾಗುತ್ತದೆ ಎನ್ನುವುದು ಕೆಲಸದ ಜಾಗದಲ್ಲಿ ತಿಳಿಯುತ್ತದೆ.

ಕಚೇರಿಯೊಂದರ ಎರಡನೇ ಮಹಡಿಗೆ ಅಕೌಂಟ್ಸ್ ವಿಭಾಗ ಹೊಸದಾಗಿ ಬಂದಿದೆ ಎನ್ನಿ. ಅವರಿಗೆ ಕೊಟ್ಟಿರುವುದು ವಿಲ್ಯಾನ್ 20. ಕೇಬಲ್ ಸರಿಯಿದೆ, ಸ್ವಿಚ್‌ನ ದೀಪ ಉರಿಯುತ್ತಿದೆ, ಆ ಮಹಡಿಯ ಕಂಪ್ಯೂಟರ್‌ಗಳು ಒಂದನ್ನೊಂದು ಕಾಣುತ್ತವೆ. ಕೆಳಗಿನ ಸರ್ವರ್ ಮಾತ್ರ ಸಿಗುತ್ತಿಲ್ಲ. ಎರಡು ಸ್ವಿಚ್‌ಗಳ ನಡುವಿನ ಕೊಂಡಿ ವಿಲ್ಯಾನ್ 20ನ್ನು ಸಾಗಿಸುತ್ತಿಲ್ಲ ಎಂದು ಇಷ್ಟರಿಂದಲೇ ಊಹಿಸಬಹುದು. ಆ ಊಹೆಗೆ ಬೇಕಾದದ್ದು 802.1Q ಎಂಬ ಮುಕ್ತ ಮಾನದಂಡದ ತಿಳಿವಳಿಕೆ. ಸ್ವಿಚ್ ಯಾವ ಕಂಪನಿಯದ್ದಾದರೂ ಅದು ಅಷ್ಟೇ. ನೆಟ್‌ವರ್ಕ್ ಪ್ಲಸ್ ಓದಿದವರು ಇಲ್ಲಿಯವರೆಗೆ ಬರುತ್ತಾರೆ.

ಸರಿಪಡಿಸುವಾಗ ಮಾತ್ರ ಕಂಪನಿಯ ಕಮಾಂಡ್ ಗೊತ್ತಿರಬೇಕು. ಸಿಸ್ಕೊ ಸ್ವಿಚ್‌ನಲ್ಲಿ `show interfaces trunk` ಎಂದು ಕೊಟ್ಟರೆ ಆ ಕೊಂಡಿಯಲ್ಲಿ 10 ಮತ್ತು 30ಕ್ಕೆ ಮಾತ್ರ ಅನುಮತಿ ಇರುವುದು ಕಾಣುತ್ತದೆ. ಆ ಪೋರ್ಟ್‌ನ ಕಾನ್ಫಿಗರೇಶನ್‌ಗೆ ಹೋಗಿ ಹೀಗೆ ಬರೆಯಬೇಕು:

```
switchport trunk allowed vlan add 20
```

ಇಲ್ಲಿ `add` ಬಿಟ್ಟುಹೋದರೆ ಹಳೆಯ ಪಟ್ಟಿ ಅಳಿಸಿ 20 ಒಂದೇ ಉಳಿಯುತ್ತದೆ. 10 ಮತ್ತು 30ರಲ್ಲಿದ್ದವರ ಸಂಪರ್ಕ ಆ ಕ್ಷಣವೇ ಕಡಿದುಹೋಗುತ್ತದೆ. ದೂರದಿಂದ ವಿಲ್ಯಾನ್ 10ರ ಮೂಲಕ ಲಾಗಿನ್ ಆಗಿದ್ದ ಎಂಜಿನಿಯರ್ ಕೂಡ ಹೊರಗೆ ಬೀಳುತ್ತಾನೆ. ಇಂಥದ್ದು ಕೈಗೆ ಹತ್ತುವುದು ಒಂದೇ ಕಂಪನಿಯ ಉಪಕರಣದ ಮೇಲೆ ಮತ್ತೆಮತ್ತೆ ಅಭ್ಯಾಸ ಮಾಡಿದವರಿಗೆ.

ಹಾಗೆಂದು ಸಿಸಿಎನ್‌ಎ ಬರೀ ಸಿಸ್ಕೊ ಪಾಠವಲ್ಲ. ಐಪಿ ವಿಳಾಸ, ಸಬ್‌ನೆಟ್ ಲೆಕ್ಕ, 802.1Q, ಒಎಸ್‌ಪಿಎಫ್ ಎಲ್ಲವೂ ಅದರಲ್ಲಿವೆ, ಇವ್ಯಾವೂ ಸಿಸ್ಕೊ ಸೊತ್ತಲ್ಲ. ನಾಳೆ ಜುನಿಪರ್ ಉಪಕರಣ ಎದುರಾದರೂ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಾಗಿ ಕಮಾಂಡ್‌ಗಳನ್ನು. ಅದಕ್ಕೇ, ಬೆಂಗಳೂರಿನಲ್ಲಿ ನೆಟ್‌ವರ್ಕ್ ಎಂಜಿನಿಯರ್ ಆಗಬೇಕೆನ್ನುವ ಹೊಸಬರಿಗೆ ನಾನು ಹೇಳುವುದು ಸಿಸಿಎನ್‌ಎ. ಅಭ್ಯಾಸಕ್ಕೆ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತದೆ, ಸ್ವಿಚ್ ಕೊಳ್ಳಬೇಕಿಲ್ಲ. ಹೆಲ್ಪ್‌ಡೆಸ್ಕ್‌ನಲ್ಲಿರುವವರಿಗೆ, ಸರ್ವರ್ ಅಥವಾ ಸೆಕ್ಯುರಿಟಿಯತ್ತ ಹೊರಟವರಿಗೆ ನೆಟ್‌ವರ್ಕ್ ಪ್ಲಸ್ ಸಾಕು. ಅವರು ದಿನವಿಡೀ ಸ್ವಿಚ್ ಕಾನ್ಫಿಗರ್ ಮಾಡುವವರಲ್ಲ.

ಶುಲ್ಕ ಕಟ್ಟುವ ಮೊದಲು ನೀವು ಹೋಗಬೇಕೆಂದಿರುವ ಊರಿನ, ನಿಮ್ಮ ಅನುಭವಕ್ಕೆ ಹೊಂದುವ ಕೆಲಸದ ಜಾಹೀರಾತುಗಳನ್ನು ಓದಿ, ಯಾವ ಉಪಕರಣದ ಹೆಸರು ಮತ್ತೆಮತ್ತೆ ಬರುತ್ತದೆ ನೋಡಿ. ಈಗಾಗಲೇ ಕೆಲಸದಲ್ಲಿದ್ದರೆ ರ‍್ಯಾಕ್‌ನಲ್ಲಿ ಏನಿದೆ ಎಂದು ನೋಡಿದರಾಯಿತು. ಎರಡೂ ಸರ್ಟಿಫಿಕೇಟ್‌ಗಳ ಅವಧಿ 3 ವರ್ಷ. ಅದು ಮುಗಿಯುವ ಮೊದಲೇ ಮತ್ತೆ ಪರೀಕ್ಷೆ ಬರೆದೋ, ಮುಂದುವರಿದ ಕಲಿಕೆಯ ಅಂಕ ಸೇರಿಸಿಯೋ ನವೀಕರಿಸಬೇಕು. ಆ ಖರ್ಚನ್ನು ಕಂಪನಿ ಭರಿಸುತ್ತದೆಯೇ ಎಂದು ಎಚ್‌ಆರ್‌ನವರನ್ನು ಮೊದಲೇ ಕೇಳಿಕೊಳ್ಳಿ.